ಕೀಬೋರ್ಡ್ ಕೆಳಗಿನ ಚೀಟಿ

ನಮ್ಮ ಹಾರ್ಡ್‌ವೇರ್ ಅಂಗಡಿಯ ಟ್ಯಾಲಿಗೆ ಏಳು ವರ್ಷಗಳಿಂದ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನು ಬರೆದ ಚೀಟಿ ಕೀಬೋರ್ಡ್ ಕೆಳಗಿರುತ್ತಿತ್ತು. ಕಳೆದ ವಾರ ಹುಡುಗರಿಗೆ ಒಂದು ಪತ್ರ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದೆ. ಕೌಂಟರ್ ಇಟ್ಟುಕೊಂಡ ಬೇರೆಯವರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಕೊಡುತ್ತಿದ್ದೇನೆ.

ಅಂಗಡಿಯ ಎಲ್ಲರಿಗೂ,

2,360 ರೂಪಾಯಿಯ ಪೇಂಟ್ ಬಿಲ್ಲಿನ ಗಲಾಟೆ ನಿಮಗೆ ನೆನಪಿದೆ. ಗಿರಾಕಿ ಡಬ್ಬ ವಾಪಸ್ ತಂದರು, ಕೈಯಲ್ಲಿ ಬಿಲ್ ಇತ್ತು, ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಎಡಿಟ್ ಲಾಗ್ ತೆಗೆದು ನೋಡಿದರೆ ಬಿಲ್ ಅಳಿಸಿದ ದಿನವೂ ಹೊತ್ತೂ ಇತ್ತು. ಹೆಸರಿನ ಜಾಗದಲ್ಲಿ ಮಾತ್ರ admin. ಆ admin ನಾವು ಐದೂ ಜನ. ಎರಡು ದಿನ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೊಸದಾಗಿ ಸೇರಿದ ಹುಡುಗನ ಮೇಲೆ ನನಗೇ ಅನುಮಾನ ಬಂತು. ಕೊನೆಗೆ ನನ್ನ ಡೈರಿಯಲ್ಲೇ ಸಿಕ್ಕಿತು: ಒಂದೇ ಬಿಲ್ ಎರಡು ಸಲ ಆಗಿದೆ ಅಂದುಕೊಂಡು ಅಂಗಡಿ ಮುಚ್ಚುವ ಹೊತ್ತಿಗೆ ನಾನೇ ಅಳಿಸಿದ್ದೆ.

ಇನ್ನು ಮೇಲೆ ಕಂಪ್ಯೂಟರ್ ಒಂದೇ, ಲಾಗಿನ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಪಾಸ್‌ವರ್ಡ್ ನನಗೂ ಹೇಳಬೇಡಿ. ಮರೆತರೆ ಹೊಸದು ಹಾಕಿಕೊಡುತ್ತೇನೆ, ಬೈಯುವುದಿಲ್ಲ.

ಸೀಟಿನಿಂದ ಏಳುವಾಗ ಸ್ಕ್ರೀನ್ ಲಾಕ್ ಮಾಡಿದರೆ ಸಾಲದು. ವಿಂಡೋಸ್ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಬೇರೊಬ್ಬರು ಲಾಕ್ ತೆಗೆದರೂ ಒಳಗೆ ಟ್ಯಾಲಿ ನಿಮ್ಮ ಹೆಸರಿನಲ್ಲೇ ತೆರೆದಿರುತ್ತದೆ. ಅವರು ಮಾಡಿದ್ದೆಲ್ಲ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ Alt+K ಒತ್ತಿ, Change User ಆರಿಸಿಯೇ ಏಳಿ. ಗಿರಾಕಿ ಸಾಲಾಗಿ ನಿಂತಾಗ ಇದು ಕಿರಿಕಿರಿ ಅನಿಸುತ್ತದೆ, ಗೊತ್ತು. ಸಂಜೆ ಆರರಿಂದ ಎಂಟರವರೆಗೆ ಒಬ್ಬರೇ ಬಿಲ್ಲಿಂಗಿಗೆ ಕೂತರೆ ಬದಲಾಯಿಸುವ ಪ್ರಶ್ನೆಯೇ ಬರುವುದಿಲ್ಲ.

ಬಿಲ್ ತಪ್ಪಾದರೆ Alt+D ಬೇಡ, Alt+X ಒತ್ತಿ. ಮೊದಲನೆಯದು ಬಿಲ್ಲನ್ನೇ ಅಳಿಸುತ್ತದೆ. ಎರಡನೆಯದರಲ್ಲಿ ಮೊತ್ತ ಹೋದರೂ ನಂಬರು ರದ್ದಾದ ಬಿಲ್ಲಾಗಿ ಉಳಿಯುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರು ಸಾಲಾಗಿ ಹೋಗಬೇಕು. ನಡುವೆ ಒಂದು ಅಳಿಸಿದರೆ ಸಾಲಿನಲ್ಲಿ ತೂತು ಬೀಳುತ್ತದೆ, ಇಲ್ಲವೇ ಸೆಟ್ಟಿಂಗ್ ಹಾಗಿದ್ದರೆ ಮುಂದಿನ ನಂಬರುಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಆಮೇಲೆ ಗಿರಾಕಿಯ ಕೈಯಲ್ಲಿರುವ ಕಾಗದಕ್ಕೂ ನಮ್ಮ ಪುಸ್ತಕಕ್ಕೂ ತಾಳೆಯೇ ಆಗುವುದಿಲ್ಲ. ರದ್ದು ಮಾಡಿದ ಬಿಲ್ಲಿನ ಕಾಗದವನ್ನು ಕಾರಣ ಬರೆದು ಮೊಳೆಗೆ ಚುಚ್ಚಿ.

ಯಾರ ಲಾಗಿನ್ ಅಂತ ಟ್ಯಾಲಿಗೆ ಗೊತ್ತಾಗುತ್ತದೆಯೇ ಹೊರತು ಯಾರ ಬೆರಳು ಅಂತ ಗೊತ್ತಾಗುವುದಿಲ್ಲ. ಲಾಗಿನ್ನಿನ ಹೆಸರೊಂದನ್ನೇ ನೋಡಿ ಇನ್ನು ಯಾರನ್ನೂ ಅನುಮಾನಿಸುವುದಿಲ್ಲ. ಮೊದಲು ಕರೆದು ಕೇಳುತ್ತೇನೆ.

ಕೆಲಸ ಬಿಟ್ಟವರ ಲಾಗಿನ್ ಅದೇ ಸಂಜೆ ತೆಗೆಯುತ್ತೇನೆ. admin ಇನ್ನು ನನ್ನೊಬ್ಬನದು, ಅದರಿಂದ ನಾನೂ ಕೌಂಟರಿನಲ್ಲಿ ಬಿಲ್ ಹಾಕುವುದಿಲ್ಲ. ಆ ಚೀಟಿಯನ್ನು ನಿನ್ನೆಯೇ ಹರಿದಿದ್ದೇನೆ.