ಇಪ್ಪತ್ಮೂರು ರೂಪಾಯಿಯ ಲೆಕ್ಕ

ಬೆಂಗಳೂರಿನ ನಮ್ಮ ಪಕ್ಕದ ಮನೆಯ ಅಜ್ಜಿ ಬ್ಯಾಂಕಿನ ಸಂದೇಶ ತೋರಿಸಿ, "ಇದೇನಪ್ಪಾ, ದುಡ್ಡು ಹಿಡ್ಕೋತಾರಂತಾ?" ಎಂದರು. ಅದರಲ್ಲಿದ್ದದ್ದು ಇಷ್ಟೇ: ಉಚಿತ ಮಿತಿ ದಾಟಿದ ಮೇಲೆ ಎಟಿಎಂ ಬಳಸಿದರೆ ಪ್ರತಿ ಸಲಕ್ಕೆ 21 ರೂಪಾಯಿಯ ಬದಲು 23 ರೂಪಾಯಿ, ಜೊತೆಗೆ ತೆರಿಗೆ. ರಿಸರ್ವ್ ಬ್ಯಾಂಕ್ 2025ರ ಮೇ 1ರಿಂದ ಈ ಗರಿಷ್ಠ ದರಕ್ಕೆ ಒಪ್ಪಿದೆ.

"ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ ಅಜ್ಜಿ. ಬೇರೆ ಬ್ಯಾಂಕಿನದಾದರೆ ಬೆಂಗಳೂರಿನಂಥ ಮಹಾನಗರದಲ್ಲಿ ಮೂರೇ ಸಲ, ಬೇರೆ ಊರುಗಳಲ್ಲಿ ಐದು."

ಅಜ್ಜಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬಾಕಿ ನೋಡಿದರೂ ಅದು ಒಂದು ಸಲವೇ. ಪಿಂಚಣಿ ಬಂತೇ ಎಂದು ಅವರು ಬೀದಿ ಕೊನೆಯ ಎಟಿಎಂನಲ್ಲಿ ಮೂರು ಬಾರಿ ನೋಡಿದ್ದರು. ಉಚಿತವೆಲ್ಲ ಅಲ್ಲೇ ಮುಗಿಯಿತು. ಆಮೇಲೆ ಎರಡು ಸಲ ಹಣ ತೆಗೆದರೆ ತಲಾ 23 ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ. ಒಟ್ಟು 54 ರೂಪಾಯಿ 28 ಪೈಸೆ. ಅದೂ ತಮ್ಮದೇ ದುಡ್ಡು ತೆಗೆಯಲು!

ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಬಾಕಿ ನೋಡಿದರೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಯಂತ್ರದಲ್ಲಿ ನೋಟಿಲ್ಲದೆ ಬರಿಗೈಯಲ್ಲಿ ವಾಪಸಾದರೂ ಸೇರಬಾರದು. ಸೇರಿಸಿದ್ದರೆ ಪಾಸ್‌ಬುಕ್ಕಿನ ಆ ಸಾಲು ತೋರಿಸಿ ಶಾಖೆಯಲ್ಲಿ ಹಣ ಮರಳಿ ಕೇಳಬಹುದು.