ಹೊಳೆಯುವ ಹಾಳೆಗೆ ಎರಡಂಗುಲ ಗಾಳಿ

ಬೇಸಿಗೆ ಶುರುವಾಯಿತೆಂದರೆ ರಾಯಚೂರು, ಕಲಬುರಗಿ ಕಡೆಯ ಶೀಟಿನ ಅಂಗಡಿಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಸುರುಳಿಗಳು ಬಾಗಿಲಿಗೆ ಬರುತ್ತವೆ. ಎರಡು ಪದರ ಪ್ಲಾಸ್ಟಿಕ್ಕಿನ ನಡುವೆ ಗಾಳಿಗುಳ್ಳೆ, ಒಂದು ಮೈಗೋ ಎರಡು ಮೈಗೋ ಅಲ್ಯೂಮಿನಿಯಂ ಹಾಳೆ. ಗಿರಾಕಿ ಅನುಮಾನಿಸಿದರೆ ಅಂಗಡಿಯವರು ಹ್ಯಾಲೊಜೆನ್ ದೀಪವೊಂದನ್ನು ಹಚ್ಚಿ, ‘ಕೈ ಇಡ್ರಿ’ ಅನ್ನುತ್ತಾರೆ. ಕೈ ಸುಡುತ್ತದೆ. ದೀಪಕ್ಕೂ ಕೈಗೂ ನಡುವೆ ಆ ಹಾಳೆಯ ತುಂಡು ಹಿಡಿದರೆ ಸುಡುವುದು ತಟ್ಟನೆ ನಿಲ್ಲುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ದೀಪದಿಂದ ಹಾಳೆಗೆ ಒಂದು ಗೇಣು, ಹಾಳೆಯಿಂದ ಕೈಗೆ ಮತ್ತೊಂದು ಗೇಣು ಬರೀ ಗಾಳಿ ಇತ್ತು ಎಂಬುದನ್ನು ಯಾರೂ ಗಮನಿಸುವುದಿಲ್ಲ. ಅದೇ ಸುರುಳಿ ಮನೆಗೆ ಬಂದ ಮೇಲೆ ಅಂಟು ಬಳಿದು ತಗಡಿಗೆ ಮೆತ್ತುತ್ತಾರೆ. ಕೆಲವರು ಅದರ ಕೆಳಗೆ ಜಿಪ್ಸಮ್ ಬೋರ್ಡನ್ನೂ ಒತ್ತಿ ಕೂರಿಸುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡಿದ್ದ ಗಾಳಿಯ ಜಾಗವೇ ಮನೆಯಲ್ಲಿ ಮಾಯ.

ಮಧ್ಯಾಹ್ನದ ಬಿಸಿಲಿಗೆ ಕಾದ ತಗಡು 65 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಅದರ ಕೆಳಗೆ ಕೂತವರಿಗೆ ನೆತ್ತಿ ಸುಡುತ್ತದೆ. ಬಿಸಿಗಾಳಿ ಕೆಳಗಿಳಿದು ಸುಡುತ್ತಿದೆ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಬಿಸಿಗಾಳಿ ಹಗುರ, ಅದು ಸೂರಿಗೆ ಅಂಟಿಕೊಂಡೇ ಇರುತ್ತದೆ. ನೆತ್ತಿಗೆ ಬಡಿಯುವುದು ತಗಡು ಸೂಸುವ ವಿಕಿರಣ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಬಣ್ಣ ಬಳಿದ ತಗಡು, ಸಿಮೆಂಟ್, ಮರ, ಕಾಗದ, ನಮ್ಮ ಚರ್ಮ ಇವೆಲ್ಲ ತಮ್ಮ ಬಿಸಿಗೆ ತಕ್ಕಂತೆ ಸೂಸಬಹುದಾದ ಕಿರಣದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸೂಸುತ್ತವೆ. ಶುಭ್ರವಾದ ಅಲ್ಯೂಮಿನಿಯಂ ಹಾಳೆ ಸೂಸುವುದು ನೂರಕ್ಕೆ ಐದರಷ್ಟು. ಮೇಲೆ ಬಿದ್ದ ಕಿರಣದಲ್ಲೂ ಅದು ಐದು ಪಾಲು ಹೀರಿಕೊಂಡು, ಉಳಿದ ತೊಂಬತ್ತೈದನ್ನು ಹಿಂದಕ್ಕೆ ಎಸೆಯುತ್ತದೆ.

ಎಸೆಯುವ ಗುಣ ಎಲ್ಲರಿಗೂ ಗೊತ್ತು. ಸೂಸದಿರುವ ಗುಣ ಗೊತ್ತಿರುವವರು ಕಡಿಮೆ, ಹಾಳೆಯನ್ನು ತಪ್ಪಾಗಿ ಕೂರಿಸುವುದಕ್ಕೆ ಅರ್ಧ ಕಾರಣ ಅದೇ. ಕಪ್ಪು ನಾನ್‌ಸ್ಟಿಕ್ ತಳದ ಇಸ್ತ್ರಿ ಪೆಟ್ಟಿಗೆ ಇದ್ದರೆ ಇದನ್ನು ಮನೆಯಲ್ಲೇ ನೋಡಬಹುದು. ಕಡಿಮೆ ಶಾಖಕ್ಕೆ ಇಟ್ಟು ಕಾಯಿಸಿ, ಪ್ಲಗ್ ಕಿತ್ತು, ತಳ ಕೆಳಮುಖವಾಗಿರುವಂತೆ ಎತ್ತಿ ಹಿಡಿದು, ನಾಲ್ಕು ಬೆರಳು ಕೆಳಗೆ ಅಂಗೈ ಒಡ್ಡಿದರೆ ಬಿಸಿ ಚೆನ್ನಾಗಿ ತಟ್ಟುತ್ತದೆ. ಈಗ ಅಡುಗೆಮನೆಯ ಫಾಯಿಲನ್ನು ತಳಕ್ಕೆ ಬಿಗಿಯಾಗಿ ಸುತ್ತಿ ಮತ್ತೆ ಒಡ್ಡಿ. ಫಾಯಿಲ್ ಈಗ ಪೆಟ್ಟಿಗೆಯಷ್ಟೇ ಕಾದಿದೆ, ಮುಟ್ಟಿದರೆ ಕೈ ಸುಟ್ಟೀತು. ಆದರೂ ಅಂಗೈಗೆ ತಟ್ಟುವ ಬಿಸಿ ಎದ್ದು ಕಾಣುವಂತೆ ಇಳಿದಿರುತ್ತದೆ. ಕೊನೆಗೆ ಫಾಯಿಲಿನ ಕೆಳಗೆ ಒಂದು ಕಾಗದವನ್ನು ಅಂಟಿಕೊಳ್ಳುವ ಹಾಗೆ ಒತ್ತಿ ಹಿಡಿಸಿ ನೋಡಿ. ಬಿಸಿ ವಾಪಸ್ ಬರುತ್ತದೆ. ಫಾಯಿಲ್ ಅಲ್ಲೇ ಇದೆ, ಆದರೆ ಅದನ್ನು ಮುಟ್ಟಿದ ಕಾಗದ ಕಾದು ತನ್ನ ತೊಂಬತ್ತು ಪಾಲನ್ನು ಸೂಸತೊಡಗಿದೆ.

ಮುಟ್ಟಿದ್ದರಿಂದ ಆದ ಕೆಡುಕು ಇದು. ಹಾಳೆ ತಡೆಯಬಲ್ಲದ್ದು ವಿಕಿರಣವನ್ನು ಮಾತ್ರ, ವಿಕಿರಣ ಇರುವುದು ಎರಡು ಮೈಗಳ ನಡುವೆ ತೆರಪು ಇದ್ದಾಗ ಮಾತ್ರ. ಎರಡೂ ಒಂದನ್ನೊಂದು ಮುಟ್ಟಿದವೋ, ಶಾಖ ಲೋಹದೊಳಗೆ ನೇರವಾಗಿ ಹರಿಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ನಾಲ್ಕೈದು ಪಟ್ಟು ಸಲೀಸಾಗಿ, ಗಾಳಿಗಿಂತ ಸಾವಿರಾರು ಪಟ್ಟು ಸಲೀಸಾಗಿ ಶಾಖ ಸಾಗಿಸುವ ಲೋಹ. ಕೂದಲಿಗಿಂತ ತೆಳುವಾದ ಅದರ ಹಾಳೆ ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡರೆ ಇದ್ದೂ ಇಲ್ಲದಂತೆ. ತಾರಸಿಯ ಮೇಲೆ ಫಾಯಿಲ್ ಹಾಸಿ ಅದರ ಮೇಲೆ ಕಾಂಕ್ರೀಟ್ ಸುರಿಯುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಅಲ್ಲಿ ತೆರಪೂ ಇಲ್ಲ, ಸಾಲದ್ದಕ್ಕೆ ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಶೀಟಿನ ಕೋಣೆ, ಅಂದರೆ ಸುಮಾರು 11 ಚದರ ಮೀಟರ್ ಸೂರು. ತಗಡು 65 ಡಿಗ್ರಿ, ಒಳಗಿನ ಗಾಳಿ 38 ಡಿಗ್ರಿ. ಏನೂ ಹಾಕದಿದ್ದರೆ ಒಳಗಿಳಿಯುವ ಶಾಖ 1,850 ವ್ಯಾಟ್‌ನ ಆಸುಪಾಸು, ಸೂರಿಗೆ ಎರಡು ಇಸ್ತ್ರಿ ಪೆಟ್ಟಿಗೆ ತೂಗುಹಾಕಿದಂತೆ. ಈಗ ಒಂದು ಮೈ ಹೊಳಪು, ಇನ್ನೊಂದು ಮೈ ಬಿಳಿ ಪ್ಲಾಸ್ಟಿಕ್ ಇರುವ 4 ಮಿಲಿಮೀಟರ್ ಗುಳ್ಳೆ ಹಾಳೆಯನ್ನು ಹೊಳಪು ಮೇಲಾಗಿ ತಗಡಿಗೆ ಅಂಟಿಸಿದಿರಿ ಎನ್ನಿ. ಶಾಖ 1,100 ವ್ಯಾಟ್ ಚಿಲ್ಲರೆಗೆ ಇಳಿಯುತ್ತದೆ. ಇಳಿಯಿತಲ್ಲ ಎಂದು ಖುಷಿಪಡುವಂತಿಲ್ಲ. ಈ ಉಳಿತಾಯವೆಲ್ಲ ಗುಳ್ಳೆಯೊಳಗಿನ ಗಾಳಿಯದು, ನೀವು ಹಣ ಕೊಟ್ಟ ಹೊಳಪಿನ ಪಾಲು ಅದರಲ್ಲಿ ಇಲ್ಲ. ಅದೇ ಹಾಳೆಯನ್ನು, ಅದೇ ಮೈ ಮೇಲಾಗಿ, ತಗಡಿನಿಂದ 50 ಮಿಲಿಮೀಟರ್ ಕೆಳಗೆ, ಅಂದರೆ ಎರಡಂಗುಲ ಬಿಟ್ಟು ಕಟ್ಟಿದರೆ 225 ವ್ಯಾಟ್‌ಗೆ ಬರುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ರೀಪರ್ ಮುಟ್ಟುವ ಕಡೆ, ಹಾಳೆ ಜೋಲುವ ಕಡೆ, ಅಂಚಿನಲ್ಲಿ ಗಾಳಿ ಆಡುವ ಕಡೆ ಶಾಖ ನುಸುಳುವುದರಿಂದ ನಿಜವಾದ ಸೂರಿನಲ್ಲಿ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ಮೂರು ಅಂಕಿಗಳ ನಡುವಿನ ಅಂತರ ನೋಡಿದರೆ ವಿಷಯ ತಿಳಿಯುತ್ತದೆ. ತೆರಪಿನೊಳಗಿನ ಗಾಳಿ ಕದಲದೆ ನಿಲ್ಲುವುದೂ ಇಲ್ಲಿ ನಮ್ಮ ಪರವಾಗಿದೆ: ಬಿಸಿ ತಗಡು ಮೇಲೆ, ತಣ್ಣನೆಯ ಹಾಳೆ ಕೆಳಗೆ ಇರುವುದರಿಂದ ಗಾಳಿಗೆ ಮೇಲೆ ಕೆಳಗೆ ಓಡಾಡುವ ಕಾರಣವೇ ಇಲ್ಲ. ವಿಕಿರಣದ ದಾರಿ ಮುಚ್ಚಿದರೆ ಉಳಿಯುವುದು ನಿಂತ ಗಾಳಿಯ ಮೂಲಕ ಜಿನುಗುವ ಅಲ್ಪ ಶಾಖ ಮಾತ್ರ. ಅದಕ್ಕೇ ಮುಕ್ಕಾಲು ಅಂಗುಲ ತೆರಪಿಗಿಂತ ಎರಡಂಗುಲದ್ದು ಹೆಚ್ಚುಕಡಿಮೆ ಇಮ್ಮಡಿ ತಡೆಯುತ್ತದೆ. ಮುಕ್ಕಾಲು ಅಂಗುಲ ಬಿಟ್ಟರೆ ಇನ್ನೊಂದು ಅಪಾಯವೂ ಇದೆ, ವರ್ಷ ಕಳೆಯುವಷ್ಟರಲ್ಲಿ ಹಾಳೆ ಅಲ್ಲಲ್ಲಿ ಉಬ್ಬಿ ತಗಡನ್ನು ಮುಟ್ಟುತ್ತದೆ. ಪರ್ಲಿನ್‌ಗಳ ಕೆಳಗೆ ಜಿಐ ತಂತಿಯನ್ನು ಬಿಗಿಯಾಗಿ ಎಳೆದು ಅದರ ಮೇಲೆ ಹಾಸುವುದು, ಇಲ್ಲವೇ ರೀಪರ್ ಹೊಡೆದು ಅದಕ್ಕೆ ಕಟ್ಟುವುದು, ಎರಡೂ ನಡೆಯುತ್ತದೆ. ಕೂಲಿ ಒಂದಿಷ್ಟು ಜಾಸ್ತಿ ಬೀಳುತ್ತದೆ, ಅಷ್ಟೆ.

ಹೊಳಪು ಯಾವ ಕಡೆಗಿರಬೇಕು? ಕೇಳಿದರೆ ಕೆಲಸದವರ ಉತ್ತರ ಸಿದ್ಧ: ‘ಬಿಸಿಲು ಮ್ಯಾಲಿಂದ ಬರ್ತದಲ್ರೀ ಅಣ್ಣಾರ, ಹೊಳಪು ಮ್ಯಾಲೇ ಇರಬೇಕ್ರಿ.’ ಕೇಳುವುದಕ್ಕೆ ಸರಿಯೆನಿಸುತ್ತದೆ, ಹೊಸದರಲ್ಲಿ ಕೆಲಸವನ್ನೂ ಮಾಡುತ್ತದೆ. ಆದರೆ ಮೇಲ್ಮುಖದ ಮೈ ಮೇಲೆ ದೂಳು ಕೂರುತ್ತದೆ. ದೂಳು ಕೂಡ ತೊಂಬತ್ತು ಪಾಲಿನ ಜಾತಿಯದೇ, ಎರಡು ಮೂರು ಬೇಸಿಗೆಯಲ್ಲಿ ಹೊಳಪನ್ನು ಮುಚ್ಚಿ ಅದರ ಗುಣವನ್ನು ಒಂದೊಂದಾಗಿ ತಿನ್ನುತ್ತದೆ. ಹೊಳಪು ಕೆಳಗಿದ್ದರೆ ದೂಳಿನ ಕಾಟವಿಲ್ಲ. ಅದು ಬಿಸಿಯಾದರೂ ಸೂಸುವುದಿಲ್ಲ ಎಂಬುದನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ನೋಡಿದೆವಲ್ಲ. ಹಾಗೆ ನೋಡಿದರೆ ಹಾಳೆಯನ್ನು ತಗಡಿಗೇ ಅಂಟಿಸಿ ಹೊಳಪನ್ನು ಕೋಣೆಯ ಕಡೆ ಬಿಟ್ಟರೂ ಒಂದು ಮಟ್ಟಿಗೆ ಕೆಲಸ ಆಗುತ್ತದೆ, ಆಗ ಕೋಣೆಯೇ ತೆರಪು. ಆದರೆ ಫ್ಯಾನಿನ ಗಾಳಿ ಆ ಮೈಯನ್ನು ಸವರಿ ಬಿಸಿಯನ್ನು ಕೆಳಗೆ ತರುತ್ತದೆ, ಒಲೆಯ ಹೊಗೆ ಮಸಿ ಬಳಿಯುತ್ತದೆ. ಎರಡೂ ಮೈ ಹೊಳೆಯುವ ಹಾಳೆ ತಂದು, ಮೇಲೆ ಎರಡಂಗುಲ ಬಿಟ್ಟು ಕಟ್ಟುವುದು ಎಲ್ಲಕ್ಕಿಂತ ಕ್ಷೇಮ. ಹೊಳಪಿನ ಮೇಲೆ ದಪ್ಪ ಪ್ಲಾಸ್ಟಿಕ್ ಪದರ ಇರುವ ಸರಕು ಬೇಡ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಅವಕೆಂಪು ಕಿರಣದ ಮಟ್ಟಿಗೆ ಅದು ಪ್ಲಾಸ್ಟಿಕ್ಕಿನಂತೆಯೇ ವರ್ತಿಸಬಹುದು.

ಬೆಂಗಳೂರಿನಲ್ಲಿ ಸಿದ್ಧವಾಗುವ ಇಸ್ರೋ ಉಪಗ್ರಹಗಳ ಮೇಲಿನ ಹೊಳೆಯುವ ಹೊದಿಕೆಯೂ ಇದೇ ತತ್ವದ್ದು. ಇಂಥ ಹೊದಿಕೆಯೊಳಗೆ ಅಲ್ಯೂಮಿನಿಯಂ ಲೇಪದ ತೆಳು ಹಾಳೆಗಳು ಹಲವು ಪದರ ಇರುತ್ತವೆ, ಒಂದಕ್ಕೊಂದು ತಾಗದಂತೆ ನಡುವೆ ಬಲೆಯಂಥ ಬಟ್ಟೆ ಇಡುತ್ತಾರೆ. ಅಂತರಿಕ್ಷದಲ್ಲಿ ಆ ತೆರಪಿನಲ್ಲಿ ಗಾಳಿಯೂ ಇಲ್ಲದ್ದರಿಂದ ಫಲ ಇನ್ನೂ ಹೆಚ್ಚು. ಹೊದಿಕೆಯನ್ನು ಬಿಗಿಯಾಗಿ ಅದುಮಿದರೆ ಅಲ್ಲಿಯೂ ಶಾಖ ಸೋರುತ್ತದೆ.

ಕೆಲಸ ಮುಗಿದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಕೆಲವರು ಕೋವಿಡ್ ಕಾಲದಲ್ಲಿ ಬಳಕೆಗೆ ಬಂದ ಗನ್ ಥರ್ಮಾಮೀಟರಿನ ಜಾತಿಯ ಉಪಕರಣವನ್ನು ಹಾಳೆಯತ್ತ ಹಿಡಿಯುತ್ತಾರೆ. ‘ನೋಡ್ರಿ, 36 ಡಿಗ್ರಿ’ ಎಂದು ತೋರಿಸುತ್ತಾರೆ. ನಂಬಬೇಡಿ. ಆ ಉಪಕರಣ ಅಳೆಯುವುದು ಮೈ ಸೂಸುವ ಕಿರಣವನ್ನು, ಹೊಳೆಯುವ ಹಾಳೆ ಸೂಸುವುದೇ ಇಲ್ಲ. ಅದಕ್ಕೆ ಕಾಣುವುದು ಹಾಳೆಯಲ್ಲಿ ಪ್ರತಿಫಲಿಸಿದ ನಿಮ್ಮ ನೆಲದ ಬಿಸಿ. ಹಾಳೆಯ ಮೇಲೆ ಎರಡಂಗುಲ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು, ಸ್ವಲ್ಪ ಹತ್ತಿರದಿಂದ ಟೇಪಿಗೆ ಗುರಿಯಿಟ್ಟರೆ ನಿಜವಾದ ಅಂಕಿ ಸಿಗುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಸೂರಿನ ಹತ್ತು ಕಡೆ ಹೀಗೆ ನೋಡಿ. ಒಂದೆರಡು ಕಡೆ ಮಾತ್ರ ತುಂಬ ಬಿಸಿ ತೋರಿಸಿದರೆ ಹಾಳೆ ಅಲ್ಲಿ ತಗಡನ್ನು ಮುಟ್ಟಿದೆ ಎಂದೇ ಅರ್ಥ.

ವೈರಿಂಗ್ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಫಾಯಿಲ್ ವಿದ್ಯುತ್ತನ್ನೂ ಚೆನ್ನಾಗಿ ಸಾಗಿಸುತ್ತದೆ. 2009-10ರಲ್ಲಿ ಆಸ್ಟ್ರೇಲಿಯಾದ ಸರ್ಕಾರ ಮನೆಮನೆಗೆ ಶಾಖ ನಿರೋಧಕ ಹಾಕಿಸುವ ದೊಡ್ಡ ಯೋಜನೆ ನಡೆಸಿದಾಗ, ಸೂರಿನಲ್ಲಿ ಫಾಯಿಲ್ ಹಾಸುತ್ತಿದ್ದ ಇಬ್ಬರು ಯುವಕರು ವಿದ್ಯುತ್ ತಗುಲಿ ಸತ್ತರು. ಆ ಯೋಜನೆಯಲ್ಲಿ ಫಾಯಿಲ್ ಬಳಕೆಯನ್ನೇ 2010ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಲೋಹದ ಸ್ಟೇಪಲ್ ಪಿನ್ನು ವೈರಿನೊಳಗೆ ಇಳಿದರೆ ಇಡೀ ಹಾಳೆಗೇ ಕರೆಂಟು ಬರುತ್ತದೆ. ನಮ್ಮ ಶೀಟಿನ ಮನೆಗಳಲ್ಲಿ ವೈರು ಪೈಪಿಲ್ಲದೆ ಪರ್ಲಿನ್‌ಗೆ ಸುತ್ತಿಕೊಂಡಿರುವುದೇ ಹೆಚ್ಚು. ಮೇನ್ ಸ್ವಿಚ್ ಆರಿಸದೆ, ವೈರುಗಳನ್ನು ಪಿವಿಸಿ ಪೈಪಿಗೆ ಸೇರಿಸದೆ ಯಾರನ್ನೂ ಏಣಿ ಹತ್ತಿಸಬಾರದು.

ರಾತ್ರಿಯಿಂದ ಫಾಯಿಲ್ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ಕತ್ತಲಾದ ಮೇಲೆ ತಗಡು ಬೇಗ ತಣ್ಣಗಾಗಿ ಕೋಣೆಯ ಬಿಸಿಯನ್ನು ಆಕಾಶಕ್ಕೆ ಬಿಡುತ್ತಿತ್ತು. ಹಾಳೆ ಆ ದಾರಿಗೂ ಅಡ್ಡ ನಿಲ್ಲುತ್ತದೆ. ಅಡ್ಡ ನಿಂತರೂ ಹಗಲಿನಷ್ಟು ಬಲವಾಗಿ ಅಲ್ಲ, ಏಕೆಂದರೆ ಈಗ ಬಿಸಿ ಕೆಳಗೆ, ತಂಪು ಮೇಲೆ, ತೆರಪಿನ ಗಾಳಿ ಮೇಲೆದ್ದು ಶಾಖವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಸಂಜೆ ಕಿಟಕಿ ತೆರೆಯುವುದು ಫಾಯಿಲ್ ಹಾಕಿದ ಮನೆಯಲ್ಲಿ ಮೊದಲಿಗಿಂತ ಹೆಚ್ಚು ಅಗತ್ಯ. ತೆರಪಿನ ತಲೆಭಾಗವನ್ನೂ ಸೂರಂಚನ್ನೂ ಹಕ್ಕಿ ನುಗ್ಗದಂತೆ ಜಾಲರಿ ಹೊಡೆದು ತೆರೆದೇ ಬಿಟ್ಟರೆ ಅಲ್ಲಿ ಕಾದ ಗಾಳಿ ತಾನಾಗಿ ಹೊರಗೆ ಹೋಗುತ್ತದೆ.