ಅರ್ಜಿಯ ನಡುವೆ ಒಂದು ಪೊಟೆನ್ಶಿಯೊಮೀಟರ್

ಬಿ.ಎಸ್ಸಿ. ಭೌತಶಾಸ್ತ್ರ ಮುಗಿಸಿ ಕ್ಯಾಲಿಬ್ರೇಷನ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಒಂದು ಸಾಲು ಬರೆಯುತ್ತಾರೆ: "ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಉತ್ತಮ ಅನುಭವ ನನಗಿದೆ." ಮಾತು ಸುಳ್ಳಲ್ಲ. ಮೂರು ವರ್ಷ ವಾರವಾರವೂ ಲ್ಯಾಬಿಗೆ ಹೋದವರೇ ಇವರು. ಆದರೆ ಅದೇ ಸಾಲನ್ನು ರಸಾಯನಶಾಸ್ತ್ರದವರೂ ಬರೆಯಬಹುದು, ಡಿಪ್ಲೊಮಾ ಮಾಡಿದವರೂ ಬರೆಯಬಹುದು. ಓದುವ ಲ್ಯಾಬ್ ಮ್ಯಾನೇಜರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಅನುಭವವನ್ನು ಹೆಸರಿಸಿದರೆ ಸಾಲದು, ತೆಗೆದು ತೋರಿಸಬೇಕು. ಅದಕ್ಕೆ ಒಂದೇ ಒಂದು ಪ್ರಯೋಗ ಸಾಕು.

ಮೊದಲು ಕೆಲಸ ಏನೆಂದು ನೋಡೋಣ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಮೈಕ್ರೋಮೀಟರ್, ಪ್ರೆಷರ್ ಗೇಜ್, ಥರ್ಮಾಮೀಟರ್, ಮಲ್ಟಿಮೀಟರ್ ಎಲ್ಲವೂ ದಿನವೂ ಬಳಕೆಯಾಗುತ್ತವೆ. ಅವು ತೋರಿಸುವ ಅಳತೆ ಎಷ್ಟು ಸರಿ ಎಂದು ಆಗಾಗ ಪರೀಕ್ಷಿಸಬೇಕು. ಕ್ಯಾಲಿಬ್ರೇಷನ್ ಲ್ಯಾಬಿನವರು ಆ ಉಪಕರಣವನ್ನು ತಮ್ಮಲ್ಲಿರುವ, ದೋಷ ಎಷ್ಟೆಂದು ಮೊದಲೇ ಗೊತ್ತಿರುವ, ಇನ್ನೂ ನಿಖರವಾದ ಉಪಕರಣದ ಜೊತೆ ಹೋಲಿಸಿ ವ್ಯತ್ಯಾಸವನ್ನು ಬರೆದುಕೊಡುತ್ತಾರೆ. ಲ್ಯಾಬಿನ ಆ ಉಪಕರಣಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ. ಹಾಗೆ ಮೇಲಕ್ಕೆ ಹೋಗುತ್ತಾ ಹೋದರೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ತಲುಪುತ್ತೇವೆ. ಕ್ಯಾಲಿಬ್ರೇಷನ್ ಎಂದರೆ ರಿಪೇರಿ ಎಂದುಕೊಂಡವರು ಬಹಳ ಮಂದಿ. ಉಪಕರಣವನ್ನು ಸರಿಪಡಿಸುವುದು ಬೇರೆ ಕೆಲಸ. ಅದು ಎಷ್ಟು ತಪ್ಪು ತೋರಿಸುತ್ತದೆ, ಆ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಹೇಳುವುದಷ್ಟೇ ಕ್ಯಾಲಿಬ್ರೇಷನ್. "ಉಪಕರಣಗಳನ್ನು ರಿಪೇರಿ ಮಾಡುವ ಆಸಕ್ತಿ ಇದೆ" ಎಂದು ಅರ್ಜಿಯಲ್ಲಿ ಬರೆದವರಿಗೆ ಹುದ್ದೆಯೇ ಅರ್ಥವಾಗಿಲ್ಲ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಇಷ್ಟು ತಿಳಿದಮೇಲೆ ಕಾಲೇಜಿನ ರೆಕಾರ್ಡ್ ಪುಸ್ತಕ ತಿರುವಿ ನೋಡಿದರೆ ಒಂದು ಪ್ರಯೋಗ ಕಣ್ಣಿಗೆ ಬೀಳುತ್ತದೆ: ಪೊಟೆನ್ಶಿಯೊಮೀಟರ್ ಬಳಸಿ ವೋಲ್ಟ್‌ಮೀಟರ್‌ನ ಕ್ಯಾಲಿಬ್ರೇಷನ್. ಹೆಸರಿನಲ್ಲೇ ಹುದ್ದೆ ಇದೆ. ಹಲಗೆಯ ಮೇಲೆ ಮೀಟರಿನಷ್ಟು ಉದ್ದದ ಹತ್ತು ತಂತಿಗಳು, ಅವಕ್ಕೆ ಎರಡು ವೋಲ್ಟಿನ ಬ್ಯಾಟರಿ. ಮೊದಲು ಡೇನಿಯಲ್ ಕೋಶವನ್ನು ಜೋಡಿಸಿ, ಜಾಕಿಯನ್ನು ತಂತಿಯ ಮೇಲೆ ಮುಟ್ಟಿಸುತ್ತಾ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ನಿಲ್ಲುವ ಜಾಗ ಹುಡುಕುತ್ತಾರೆ. ಅದು 540 ಸೆಂಟಿಮೀಟರಿನಲ್ಲಿ ಸಿಕ್ಕಿತು ಎನ್ನಿ. ಕೋಶದ್ದು 1.08 ವೋಲ್ಟ್ ಎಂದು ಇಟ್ಟುಕೊಂಡರೆ ತಂತಿಯ ಪ್ರತಿ ಸೆಂಟಿಮೀಟರಿಗೆ 0.002 ವೋಲ್ಟ್ ಆಯಿತು. ಈಗ ವೋಲ್ಟ್‌ಮೀಟರ್ 1.00 ತೋರಿಸುವಂತೆ ಮಾಡಿ, ಅದರ ತುದಿಗಳ ವೋಲ್ಟೇಜಿಗೆ ಮತ್ತೆ ಬ್ಯಾಲೆನ್ಸಿಂಗ್ ಲೆಂತ್ ಹುಡುಕಬೇಕು. 520 ಸೆಂಟಿಮೀಟರ್ ಬಂದರೆ ನಿಜವಾದ ವೋಲ್ಟೇಜ್ 1.04. ಅಂದರೆ ಆ ಜಾಗದಲ್ಲಿ ವೋಲ್ಟ್‌ಮೀಟರ್ ಓದಿಗೆ 0.04 ಸೇರಿಸಬೇಕು. ಹೀಗೇ ಬೇರೆ ಬೇರೆ ಓದುಗಳಿಗೂ ತಿದ್ದುಪಡಿ ತೆಗೆದು ಗ್ರಾಫ್ ಬರೆದರೆ ಕಾಲೇಜಿನ ಮಟ್ಟಿಗೆ ಪ್ರಯೋಗ ಮುಗಿಯಿತು.

ಅರ್ಜಿ ಬರೆಯುವವರಿಗೆ ಮಾತ್ರ ಅದು ಮುಗಿಯುವುದಿಲ್ಲ. ಈ 0.04 ಅನ್ನು ನಂಬಬಹುದೇ ಎಂದು ಈಗ ಕೇಳಬೇಕು. ತಂತಿಯ ಮೇಲೆ ಜಾಗ ಗುರುತಿಸುವಾಗ ಅರ್ಧ ಸೆಂಟಿಮೀಟರ್ ಆಚೀಚೆಯಾದರೂ ಫಲಿತಾಂಶದಲ್ಲಿ ಆಗುವ ವ್ಯತ್ಯಾಸ 0.001 ವೋಲ್ಟ್, ಅದನ್ನು ಬಿಡಬಹುದು. ಡೇನಿಯಲ್ ಕೋಶ ಮಾತ್ರ ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ. ಅದರ ವೋಲ್ಟೇಜ್ ದ್ರಾವಣಗಳ ಸಾಂದ್ರತೆಯ ಮೇಲೆ, ಸತುವಿನ ಕಡ್ಡಿ ಎಷ್ಟು ಶುದ್ಧವಾಗಿದೆ ಎಂಬುದರ ಮೇಲೆ ಬದಲಾಗುತ್ತದೆ. 1.08 ಎನ್ನುವುದು ಪುಸ್ತಕದಿಂದ ತೆಗೆದುಕೊಂಡ ಸಂಖ್ಯೆ, ಆ ದಿನ ಮೇಜಿನ ಮೇಲಿದ್ದ ಕೋಶದ ಅಳತೆಯಲ್ಲ. ಅದು 1.07 ಇದ್ದಿದ್ದರೆ ತಿದ್ದುಪಡಿ 0.03 ಆಗುತ್ತಿತ್ತು. 1.09 ಇದ್ದಿದ್ದರೆ 0.05. ಎಷ್ಟೇ ಎಚ್ಚರಿಕೆಯಿಂದ ರೀಡಿಂಗ್ ತೆಗೆದರೂ, ನೂರು ಸಲ ತೆಗೆದು ಸರಾಸರಿ ಹಾಕಿದರೂ ಈ ಅನುಮಾನ ಕಡಿಮೆಯಾಗುವುದಿಲ್ಲ, ಏಕೆಂದರೆ ಪ್ರತಿ ಸಲವೂ ಅದೇ ಕೋಶವನ್ನೇ ಆಧಾರವಾಗಿ ಹಿಡಿದಿರುತ್ತೇವೆ. ವೋಲ್ಟ್‌ಮೀಟರ್ ಕಡಿಮೆ ತೋರಿಸುತ್ತದೆ ಎಂಬುದು ಖಚಿತ. ಎಷ್ಟು ಕಡಿಮೆ ಎಂಬುದು ಕೋಶ ಗೊತ್ತಿರುವಷ್ಟೇ ಗೊತ್ತು.

ಬ್ಯಾಟರಿಯದೂ ಒಂದು ಸಂಗತಿ ಇದೆ. ಪ್ರಯೋಗ ನಡೆಯುತ್ತಿರುವಾಗ ಅದು ಇಳಿಯಬಹುದು. ಇಳಿದರೆ ಆರಂಭದಲ್ಲಿ 540 ಇದ್ದ ಕೋಶದ ಬ್ಯಾಲೆನ್ಸಿಂಗ್ ಲೆಂತ್ ಕೊನೆಗೆ 545 ಆಗಿರುತ್ತದೆ. ಶುರುವಿನಲ್ಲಿ ಒಂದು ಸಲ ಮಾತ್ರ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಹತ್ತಿರ ಹತ್ತಿರ 0.01 ವೋಲ್ಟಿನ ತಪ್ಪು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಕೊನೆಯಲ್ಲಿ ಕೋಶವನ್ನು ಮತ್ತೆ ಜೋಡಿಸಿ ನೋಡಿದವರಿಗೆ ಗೊತ್ತಾಗುತ್ತದೆ. ಕೆಲಸದ ಮೊದಲೂ ಕೊನೆಯಲ್ಲೂ ಆಧಾರ ಉಪಕರಣವನ್ನು ಪರೀಕ್ಷಿಸುವುದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿಯೂ ರೂಢಿ.

ಇಷ್ಟನ್ನು ಯೋಚಿಸಿದ ಹುಡುಗಿಯೊಬ್ಬಳ ಅರ್ಜಿಯ ನಡುವಿನ ಭಾಗ ಹೀಗಿರಬಹುದು:

"ಮಾನ್ಯರೇ, ಬಿ.ಎಸ್ಸಿ. ಪ್ರಯೋಗಾಲಯದಲ್ಲಿ 0ರಿಂದ 1.5 ವೋಲ್ಟ್ ವ್ಯಾಪ್ತಿಯ ವೋಲ್ಟ್‌ಮೀಟರೊಂದನ್ನು ಪೊಟೆನ್ಶಿಯೊಮೀಟರ್ ಬಳಸಿ ಕ್ಯಾಲಿಬ್ರೇಟ್ ಮಾಡಿದ್ದೇನೆ. 1.0 ವೋಲ್ಟಿನ ಬಳಿ 0.04 ವೋಲ್ಟ್ ಕೂಡಿಸಬೇಕೆಂದು ಕಂಡುಬಂತು. ಆಧಾರವಾಗಿ ಬಳಸಿದ ಡೇನಿಯಲ್ ಕೋಶಕ್ಕೆ ಪ್ರಮಾಣಪತ್ರ ಇರಲಿಲ್ಲ. ಅದರ ಮೌಲ್ಯ 0.01 ವೋಲ್ಟ್ ಹೆಚ್ಚು ಕಡಿಮೆ ಇದ್ದರೆ ತಿದ್ದುಪಡಿ 0.03ರಿಂದ 0.05ರ ನಡುವೆ ಇರುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಆರಂಭದಲ್ಲೂ ಕೊನೆಯಲ್ಲೂ ಕೋಶವನ್ನು ಜೋಡಿಸಿ ಬ್ಯಾಟರಿ ಇಳಿದಿಲ್ಲ ಎಂದು ಖಚಿತಪಡಿಸಿಕೊಂಡೆ. ಪ್ರಮಾಣಪತ್ರವಿರುವ ಉಪಕರಣಗಳ ಜೊತೆ ನಾನು ಇನ್ನೂ ಕೆಲಸ ಮಾಡಿಲ್ಲ."

ಕೊನೆಯ ವಾಕ್ಯವನ್ನು ಅಳಿಸಿಬಿಡು ಎಂದು ಗೆಳತಿಯರು ಹೇಳಬಹುದು. ಅಳಿಸಬಾರದು. ಭಾರತದ ಕ್ಯಾಲಿಬ್ರೇಷನ್ ಲ್ಯಾಬುಗಳಿಗೆ ಎನ್‌ಎಬಿಎಲ್ ಮಾನ್ಯತೆ ಕೊಡುವುದು ಐಎಸ್‌ಒ/ಐಇಸಿ 17025 ಎಂಬ ಮಾನದಂಡದ ಪ್ರಕಾರ. ಯಾವ ಅಳತೆ ಯಾವ ಆಧಾರದಿಂದ ಬಂತು ಎಂದು ಒಂದೊಂದು ಕೊಂಡಿಯನ್ನೂ ತೋರಿಸಬೇಕು ಎನ್ನುವುದು ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. ತನ್ನ ಪ್ರಯೋಗದಲ್ಲಿ ಆ ಸರಪಳಿ ಡೇನಿಯಲ್ ಕೋಶದ ಬಳಿಯೇ ಕಡಿದುಹೋಗಿತ್ತು ಎಂದು ಗುರುತಿಸಿದವಳು, ಕೆಲಸಕ್ಕೆ ಸೇರಿದಮೇಲೆ ಅವಧಿ ಮುಗಿದ ಪ್ರಮಾಣಪತ್ರದ ಉಪಕರಣವನ್ನು ಸುಮ್ಮನೆ ಕೈಗೆತ್ತಿಕೊಳ್ಳುವುದಿಲ್ಲ ಎಂಬ ಭರವಸೆ ಓದುವವರಿಗೆ ಬರುತ್ತದೆ. ಅದೇ ಕಾರಣಕ್ಕೆ ಕಾಲೇಜಿನ ಈ ಪ್ರಯೋಗವನ್ನು "ಕ್ಯಾಲಿಬ್ರೇಷನ್ ಅನುಭವ" ಎಂಬ ಶೀರ್ಷಿಕೆಯಡಿ ಹಾಕಿ ದೊಡ್ಡದು ಮಾಡುವುದೂ ಸಲ್ಲದು.

ರೀಡಿಂಗ್ ಬರೆದುಕೊಂಡ ಬಗೆಯನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ಅದೇ ಮಾನದಂಡ ಅಳತೆಯನ್ನು ತೆಗೆದ ಹೊತ್ತಿನಲ್ಲೇ ದಾಖಲಿಸಬೇಕು ಎನ್ನುತ್ತದೆ, ತಿದ್ದಿದರೆ ಹಳೆಯದೂ ಉಳಿದಿರಬೇಕು. ನಮ್ಮ ಕಾಲೇಜುಗಳಲ್ಲಿ ಚೆಂದದ ರೆಕಾರ್ಡಿಗೆ ಹೆಚ್ಚು ಬೆಲೆ, ರಫ್ ಪುಸ್ತಕ ವರ್ಷದ ಕೊನೆಗೆ ರದ್ದಿಗೆ ಹೋಗುತ್ತದೆ. ಇದು ನನಗೆ ಬಹಳ ಬೇಸರದ ವಿಷಯ, ಏಕೆಂದರೆ ಈ ಹುದ್ದೆಗೆ ಬೇಕಾದ ನಿಜವಾದ ಸಾಕ್ಷಿ ಆ ರಫ್ ಪುಸ್ತಕದಲ್ಲೇ ಇರುತ್ತದೆ. ಒಂದು ರೀಡಿಂಗ್ ತಪ್ಪಿದಾಗ ಅದನ್ನು ವೈಟ್ನರ್ ಹಚ್ಚಿ ಮುಚ್ಚದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದಿದ್ದರೆ ಆ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಉಳಿದದ್ದು ಹೆಚ್ಚೇನಿಲ್ಲ. ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದ್ದು, ಯಾವ ವರ್ಷ ಪದವಿ ಮುಗಿಯಿತು ಎಂಬುದು ಮೊದಲ ಎರಡು ಸಾಲಿನಲ್ಲಿ ಬಂದರೆ ಸಾಕು. ಲ್ಯಾಬ್ ಉದ್ದದ ಅಳತೆಗೆ ಸಂಬಂಧಿಸಿದ್ದಾದರೆ ವೋಲ್ಟ್‌ಮೀಟರಿನ ಬದಲು ಸ್ಕ್ರೂಗೇಜಿನ ಝೀರೋ ಎರರ್ ಬಗ್ಗೆ ಬರೆಯಬಹುದು, ಉಷ್ಣತೆಯದ್ದಾದರೆ ಪ್ಲಾಟಿನಂ ಥರ್ಮಾಮೀಟರ್ ಬಗ್ಗೆ. ಪತ್ರವನ್ನು ಇಂಗ್ಲಿಷಿನಲ್ಲಿ ಕಳಿಸಬೇಕಾಗಿ ಬಂದರೂ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ಯೋಚನೆ ಸ್ಪಷ್ಟವಾಗುತ್ತದೆ. ಒಂದು ಪುಟ ದಾಟದಂತೆ ನೋಡಿಕೊಂಡು, ರಫ್ ಪುಸ್ತಕದ ಆ ಪುಟದ ನಕಲನ್ನು ಅಂಕಪಟ್ಟಿಯ ಜೊತೆ ಲಗತ್ತಿಸಿ.